ಹಿರಿಯರು ಓದುವ ಸ್ತೋತ್ರ ಪುಸ್ತಿಕೆಯ ಪುಟ ಜೋಡಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಸ್ತೋತ್ರ ಪುಸ್ತಿಕೆ ಮಾಡಿಸಲು ಹೊರಟವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: 40 ಪದ್ಯ, ಒಂದೊಂದಕ್ಕೂ ನಾಲ್ಕು ಸಾಲು, ಕೆಳಗೆ ಎರಡು ಮೂರು ಸಾಲಿನ ಅರ್ಥ, ಪುಟದ ಅಳತೆ ಎ5, ಅಂದರೆ 148 × 210 ಮಿ.ಮೀ.

## ಮೊದಲ ಹೆಜ್ಜೆಗಳು

ಕಥೆ ಪುಸ್ತಕದ ತರಾನೇ ಜೋಡಿಸಿ ಅಕ್ಷರ ಮಾತ್ರ ದಪ್ಪ ಮಾಡಿದರೆ ಸಾಕಲ್ವಾ?

ಸಾಲದು. ಕಥೆ ಓದುವಾಗ ಕಣ್ಣು ಪುಟದ ಮೇಲೇ ಇರುತ್ತದೆ. ಸ್ತೋತ್ರ ಹೇಳುವಾಗ ಹಾಗಲ್ಲ. ಗೊತ್ತಿರುವ ಸಾಲು ಬಂದರೆ ಕಣ್ಣು ಮುಚ್ಚುತ್ತಾರೆ, ಎದುರಿನ ದೀಪ ನೋಡುತ್ತಾರೆ, ಪಕ್ಕದವರ ಕಡೆ ತಿರುಗುತ್ತಾರೆ. ಮುಂದಿನ ಸಾಲು ಮರೆತಾಗ ಮತ್ತೆ ಪುಟಕ್ಕೆ ಬರುತ್ತಾರೆ. ಆಗ ಜಾಗ ಸಿಗಬೇಕು. ಹಾಡು ಯಾರಿಗೂ ಕಾಯುವುದಿಲ್ಲ, ಒಂದು ಸಾಲು ತಪ್ಪಿದರೆ ಆ ಪದ್ಯವೇ ಹೋಯಿತು.

ಹಾಗಾಗಿ ಪುಟ ಜೋಡಿಸುವಾಗ ನಾನು ಎಲ್ಲದಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ತಲೆ ಎತ್ತಿ ಮತ್ತೆ ಬಗ್ಗಿಸಿದ ಕಣ್ಣಿಗೆ ಬಿಟ್ಟ ಸಾಲು ತಕ್ಷಣ ಸಿಗುತ್ತದಾ? ಅಕ್ಷರದ ಗಾತ್ರ ಇದರಲ್ಲಿ ಒಂದು ಭಾಗ ಅಷ್ಟೇ. ಸಾಲುಗಳ ನಡುವಿನ ಜಾಗ, ಸಂಖ್ಯೆ ಇಡುವ ಜಾಗ, ಅರ್ಥ ಕೂರುವ ಜಾಗ ಅಷ್ಟೇ ಮುಖ್ಯ.

ಅಕ್ಷರ ಎಷ್ಟು ಪಾಯಿಂಟ್ ಇಡಬೇಕು? 14 ಸಾಕಾ?

ಪದ್ಯಕ್ಕೆ 18, ಅರ್ಥಕ್ಕೆ 14. ಇಲ್ಲಿಂದ ಶುರು ಮಾಡಿ.

ಅಂಧರಿಗಾಗಿ ಕೆಲಸ ಮಾಡುವ ಬ್ರಿಟನ್ನಿನ ಆರ್‌ಎನ್‌ಐಬಿ ಸಂಸ್ಥೆ ಸಾಮಾನ್ಯ ಓದಿಗೆ ಕನಿಷ್ಠ 12, ಆದರೆ 14 ಒಳ್ಳೆಯದು ಅನ್ನುತ್ತದೆ. ದೊಡ್ಡಕ್ಷರದ ಮುದ್ರಣಕ್ಕೆ 16 ಮತ್ತು ಮೇಲೆ. ಅಮೆರಿಕದಲ್ಲಿ ದೊಡ್ಡಕ್ಷರ ಅಂದರೆ 18 ಅನ್ನುವುದು ರೂಢಿ. ಆದರೆ ಇವೆಲ್ಲ ಇಂಗ್ಲಿಷ್ ಅಕ್ಷರ ನೋಡಿ ಹೇಳಿದ ಅಳತೆಗಳು. ಕನ್ನಡದಲ್ಲಿ ಅದೇ ಎತ್ತರದೊಳಗೆ ಮೇಲಿನ ಗುಡಿಸು, ಏತ್ವ ಹಿಡಿಸಬೇಕು, ಕೆಳಗಿನ ಒತ್ತೂ ಹಿಡಿಸಬೇಕು. ಅದಕ್ಕೇ ಮೂಲ ಅಕ್ಷರ ಕುಗ್ಗುತ್ತದೆ, ಮತ್ತು ಒಂದೊಂದು ಫಾಂಟಿನಲ್ಲಿ ಒಂದೊಂದು ಥರ ಕುಗ್ಗುತ್ತದೆ. ಒಂದು ಫಾಂಟಿನ 16 ಇನ್ನೊಂದರ 18ಕ್ಕಿಂತ ದೊಡ್ಡದಾಗಿ ಕಂಡರೆ ಆಶ್ಚರ್ಯ ಪಡಬೇಡಿ.

ಪರದೆ ನೋಡಿ ತೀರ್ಮಾನಿಸದೆ ಕಾಗದದ ಮೇಲೆ ಅಳೆಯಿರಿ. ಒಂದು ಪಾಯಿಂಟ್ ಸುಮಾರು 0.35 ಮಿ.ಮೀ., ಅಂದರೆ 18 ಪಾಯಿಂಟ್ ಒಟ್ಟು 6.35 ಮಿ.ಮೀ. ಅದರಲ್ಲಿ ಬರೀ 'ಗ' ಅಕ್ಷರದ ಎತ್ತರ ಎಷ್ಟಿದೆ ಅಂತ ಸ್ಕೇಲ್ ಇಟ್ಟು ನೋಡಿ. ಅದು 3 ಮಿ.ಮೀ.ಗಿಂತ ಕಡಿಮೆ ಬಂದರೆ ನಾನು ಫಾಂಟ್ ಬದಲಿಸುತ್ತೇನೆ, ಇಲ್ಲವೇ ಗಾತ್ರ ಏರಿಸುತ್ತೇನೆ.

ಯಾವ ಫಾಂಟ್ ಒಳ್ಳೆಯದು?

ಹೆಸರಿಗಿಂತ ಪರೀಕ್ಷೆ ಮುಖ್ಯ. ಈ ಒಂದು ಸಾಲನ್ನು ಮುದ್ರಿಸಿ ಹಿರಿಯರೊಬ್ಬರಿಗೆ ತೋರಿಸಿ:

ದ ಧ   ಪ ಫ   ಬ ಭ   ಡ ಢ   ವ ಪ ಷ

ಮೊದಲ ನಾಲ್ಕು ಜೋಡಿಯಲ್ಲೂ ವ್ಯತ್ಯಾಸ ಇರುವುದು ಕೆಳಗಿನ ಒಂದು ಚಿಕ್ಕ ಗೀಟಿನಲ್ಲಿ, ನಾವು ಹೊಟ್ಟೆ ಸೀಳುವುದು ಅನ್ನುತ್ತೇವಲ್ಲ, ಅದರಲ್ಲಿ. ಗೆರೆ ದಪ್ಪ ಇರುವ ಫಾಂಟಿನಲ್ಲಿ ಆ ಸೀಳು ಮುಚ್ಚಿಹೋಗುತ್ತದೆ. ಗೆರೆ ತೀರಾ ತೆಳು ಇದ್ದರೆ ಮುದ್ರಣದಲ್ಲಿ ಮಾಸಿಹೋಗುತ್ತದೆ. ಇದೇ ಕಾರಣಕ್ಕೆ ಪದ್ಯ ಎದ್ದು ಕಾಣಲಿ ಅಂತ ಪೂರ್ತಿ ಬೋಲ್ಡ್ ಮಾಡುವುದು ಬೇಡ. ಫಾಂಟಿನಲ್ಲಿ ಬೋಲ್ಡ್ ರೂಪ ಇಲ್ಲದಿದ್ದರೂ ಕಂಪ್ಯೂಟರ್ ಸುಮ್ನೆ ಗೆರೆ ದಪ್ಪ ಮಾಡಿಬಿಡುತ್ತದೆ. ಆಗ 'ಧ' ಮತ್ತು 'ದ' ಒಂದೇ ಆಗುತ್ತವೆ.

ನೋಟೋ ಸೆರಿಫ್ ಕನ್ನಡ ಮತ್ತು ಟೀರೋ ಕನ್ನಡ ಎರಡೂ ಉಚಿತವಾಗಿ ಸಿಗುತ್ತವೆ, ಎರಡೂ ಯೂನಿಕೋಡ್. ಹಳೆಯ ಅಚ್ಚಿನ ಮೊಳೆಯ ಪುಸ್ತಕ ಓದಿ ರೂಢಿಯಾದವರಿಗೆ ದಪ್ಪ ತೆಳು ಗೆರೆ ಇರುವ ಅಕ್ಷರವೇ ಹಿತ ಅನ್ನುವುದು ನನ್ನ ಅನುಭವ. ಆಮಂತ್ರಣ ಪತ್ರಿಕೆಯ ಬಳುಕುವ ಅಕ್ಷರಗಳನ್ನು ಮುಖಪುಟಕ್ಕೆ ಬೇಕಾದರೆ ಇಟ್ಟುಕೊಳ್ಳಿ, ಒಳಗೆ ತರಬೇಡಿ.

ಪುಟದ ಹಿಂದೆ ತೆಳುವಾಗಿ ದೇವರ ಚಿತ್ರ ಹಾಕಿದರೆ ಚೆನ್ನಾಗಿರುತ್ತೆ ಅಂತಾರೆ. ಹಾಕಲಾ?

ಬೇಡ. ಚಿತ್ರ ಎಷ್ಟೇ ತೆಳುವಾಗಿದ್ದರೂ ಅದರ ಗೆರೆಗಳು ಅಕ್ಷರದ ಹಿಂದೆ ಹಾದುಹೋಗುತ್ತವೆ. ವಯಸ್ಸಾದ ಕಣ್ಣಿಗೆ ಕಪ್ಪು ಬಿಳುಪಿನ ಅಂತರವೇ ಆಧಾರ. ಪೊರೆ ಇರುವವರಿಗಂತೂ ಇನ್ನೂ ಜಾಸ್ತಿ. ಹಿಂದೆ ಬೂದು ಬಣ್ಣ ಬಂದಷ್ಟೂ ಒತ್ತಕ್ಷರಗಳು ಮೊದಲು ಕರಗುತ್ತವೆ, ಯಾಕಂದರೆ ಅವೇ ಎಲ್ಲಕ್ಕಿಂತ ಚಿಕ್ಕವು. ಚಿತ್ರಕ್ಕೆ ಒಂದು ಇಡೀ ಪುಟ ಕೊಡಿ. ಅದು ಚಿತ್ರಕ್ಕೂ ಗೌರವ.

ಸುತ್ತಲಿನ ಬಳ್ಳಿಯ ಚೌಕಟ್ಟಿನ ಬಗ್ಗೆಯೂ ಇದೇ ಮಾತು. ಅದು ನಾಲ್ಕೂ ಕಡೆ ಜಾಗ ತಿನ್ನುತ್ತದೆ, ಆಮೇಲೆ ನೀವು ಅಕ್ಷರ ಚಿಕ್ಕದು ಮಾಡಬೇಕಾಗುತ್ತದೆ.

## ಪದ್ಯ, ಸಂಖ್ಯೆ, ಅರ್ಥ

ಅಕ್ಷರ ದೊಡ್ಡದು ಮಾಡಿದೆ, ಆದರೂ ಅಮ್ಮ ಸಾಲು ತಪ್ಪುತ್ತೆ ಅಂತಾರೆ. ಯಾಕೆ?

ಬಹುಪಾಲು ಸಾಲುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕನ್ನಡದ ಸಾಲು ಕೆಳಗೂ ಇಳಿಯುತ್ತದೆ, ಮೇಲೂ ಏರುತ್ತದೆ. 'ಲಕ್ಷ್ಮ್ಯೈ', 'ಸ್ತೋತ್ರ', 'ಕೃಷ್ಣ' ಇಂಥ ಪದಗಳ ಒತ್ತು ಕೆಳಗಿಳಿದ ಜಾಗಕ್ಕೆ ಸರಿಯಾಗಿ ಕೆಳಸಾಲಿನಲ್ಲಿ 'ಶ್ರೀ' ಅಥವಾ 'ಕೀ' ಬಂದರೆ ಎರಡೂ ಹತ್ತಿರ ಹತ್ತಿರ ಮುಟ್ಟುತ್ತವೆ. ಓದುವವರಿಗೆ ಆ ಒತ್ತು ಮೇಲಿನ ಸಾಲಿನದೋ ಕೆಳಗಿನದೋ ಗೊತ್ತಾಗುವುದಿಲ್ಲ. ಸಾಲು ತಪ್ಪುವುದು ಅಲ್ಲೇ.

18 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 30 ಪಾಯಿಂಟ್ ಇಡಿ. 14ರ ಅರ್ಥಕ್ಕೆ 22. ವರ್ಡ್‌ನಲ್ಲಿ Line spacing ಅನ್ನುವಲ್ಲಿ Exactly ಆರಿಸಿ 30 pt ಅಂತ ಕೊಡಿ. Single ಅಥವಾ Multiple ಇಟ್ಟರೆ ಅಂತರ ಫಾಂಟಿನ ಮೇಲೆ ನಿಂತಿರುತ್ತದೆ. ನಡುವೆ ಒಂದು ಪದ ಬೇರೆ ಫಾಂಟಿನಲ್ಲಿ ಬಂದರೆ ಆ ಒಂದು ಸಾಲು ಮಾತ್ರ ಕೆಳಗೆ ಜಾರುತ್ತದೆ. Exactly ಕೊಟ್ಟಾಗ ಅಂತರ ಕಡಿಮೆಯಾದರೆ ಅಕ್ಷರದ ಮೇಲ್ಭಾಗವೋ ಕೆಳಭಾಗವೋ ಕತ್ತರಿಸಿದ ಹಾಗೆ ಕಾಣುತ್ತದೆ. ಹಾಗೆ ಕಂಡರೆ ಎರಡೆರಡು ಪಾಯಿಂಟ್ ಏರಿಸುತ್ತಾ ಹೋಗಿ.

ಪರೀಕ್ಷೆ ಸುಲಭ. 'ಲಕ್ಷ್ಮ್ಯೈ' ಅಂತ ಒಂದು ಸಾಲು ತುಂಬ ಬರೆಯಿರಿ, ಅದರ ಕೆಳಗೆ 'ಶ್ರೀ ಕೀ' ಅಂತ ಒಂದು ಸಾಲು ತುಂಬ ಬರೆಯಿರಿ. ಮುದ್ರಿಸಿದಾಗ ನಡುವೆ ಬಿಳಿ ಪಟ್ಟಿ ಎಲ್ಲೂ ಮುರಿಯದೆ ಕಾಣಬೇಕು.

ಸಾಲು ಅಗಲಕ್ಕೆ ಹಿಡಿಸದೆ ಏನಾದರೂ ಕುಗ್ಗಿಸಲೇಬೇಕು ಅನ್ನುವ ಒತ್ತಡ ಬಂದರೆ ನಾನು ಅಕ್ಷರವನ್ನು 18ರಿಂದ 17ಕ್ಕೆ ಇಳಿಸುತ್ತೇನೆ, ಸಾಲಿನ ಅಂತರ ಮುಟ್ಟುವುದಿಲ್ಲ.

ಪದ್ಯದ ಸಂಖ್ಯೆ ಮೊದಲು ಬರಬೇಕಾ, ಕೊನೆಗಾ?

ಸಂಪ್ರದಾಯದಲ್ಲಿ ಕೊನೆಗೆ, ಎರಡು ಜೋಡಿ ಗೀಟಿನ ನಡುವೆ ಬರುತ್ತದೆ. ಕಂಠಪಾಠ ಇದ್ದವರಿಗೆ ಅದು ಪದ್ಯ ಮುಗಿಯಿತು ಅನ್ನುವ ಗುರುತು. ಈಗ ಗುಂಪಿನಲ್ಲಿ ಯಾರಾದರೂ 'ಒಂಬತ್ತನೇದು ತೆಗೀರಿ' ಅಂದಾಗ ಹುಡುಕುವ ಕಣ್ಣು ಎಡ ಅಂಚಿನಲ್ಲಿ ಕೆಳಗಿಳಿಯುತ್ತದೆ. ಕೊನೆಯಲ್ಲಿರುವ ಸಂಖ್ಯೆ ಒಂದೊಂದು ಪದ್ಯದಲ್ಲಿ ಒಂದೊಂದು ಕಡೆ ಇರುತ್ತದೆ, ಸಿಕ್ಕಿದ ಮೇಲೂ ಪದ್ಯದ ತಲೆ ಹುಡುಕಲು ಮೂರು ಸಾಲು ಮೇಲೆ ಹೋಗಬೇಕು.

ಅದಕ್ಕೆ ನಾನು ಸಂಖ್ಯೆಯನ್ನು ಮೊದಲ ಸಾಲಿನ ಎಡಕ್ಕೆ, ಪದ್ಯದಿಂದ ಹೊರಗೆ ಇಡುತ್ತೇನೆ. ಪದ್ಯದ ಕೊನೆಗೆ ಬರೀ ॥ ಗುರುತು. ಎರಡೂ ಕಡೆ ಸಂಖ್ಯೆ ಹಾಕಿದರೆ ಎಂಟರ ಕೊನೆಯ ೮ ಮತ್ತು ಒಂಬತ್ತರ ತಲೆಯ ೯ ಅಕ್ಕಪಕ್ಕ ಬಂದು ಗೊಂದಲ ಮಾಡುತ್ತವೆ. ಕೊನೆಯ ಸಂಖ್ಯೆಯೇ ಬೇಕು ಅಂತ ಹಿರಿಯರು ಪಟ್ಟು ಹಿಡಿದರೆ ಅಲ್ಲೇ ಇಡಿ, ಎಡದ್ದು ಬಿಡಿ.

ಜೋಡಿಸಿದ ಮೇಲೆ ಒಂದು ಪದ್ಯ ಹೀಗೆ ಕಾಣುತ್ತದೆ. ಇದು ತೋರಿಸುವುದಕ್ಕೆ ಅಂತಲೇ ಕಟ್ಟಿದ ಪದ್ಯ:

೯.
ಬೆಳಗು ಮೂಡುವ ಮೊದಲೆ ನಿನ್ನಯ
ಹೆಸರ ನೆನೆವೆನು ದೇವನೇ
ಹಗಲು ಕಳೆದರು ಇರುಳು ಕವಿದರು
ಕೈಯ ಬಿಡದಿರು ತಂದೆಯೇ ॥

ಅರ್ಥ: ಬೆಳಕು ಹರಿಯುವ ಮುನ್ನವೇ ನಿನ್ನ ಹೆಸರು ನೆನೆಯುತ್ತೇನೆ, ದೇವರೇ. ಹಗಲು ಮುಗಿದರೂ ಕತ್ತಲೆ ಕವಿದರೂ ನನ್ನ ಕೈ ಬಿಡಬೇಡ, ತಂದೆ.

ಪುಸ್ತಿಕೆಯಲ್ಲಿ ೯ 'ಬೆಳಗು' ಪದದ ಎಡಕ್ಕೆ ಅದೇ ಸಾಲಿನಲ್ಲಿ ಕೂರುತ್ತದೆ, ಪದ್ಯ ಅಂಚಿನಿಂದ 12 ಮಿ.ಮೀ. ಒಳಗೆ ಶುರುವಾಗುತ್ತದೆ, ಅರ್ಥ 20 ಮಿ.ಮೀ. ಒಳಗೆ.

ಸಂಖ್ಯೆ ಕನ್ನಡದಲ್ಲಾ, ಇಂಗ್ಲಿಷ್ ಅಂಕಿಯಲ್ಲಾ?

ಓದುವವರು ದಿನವೂ ಯಾವುದನ್ನು ನೋಡುತ್ತಾರೋ ಅದು. ಕನ್ನಡ ಅಂಕಿ ಇಡುವುದಾದರೆ ಎರಡು ಎಚ್ಚರ ಬೇಕು. ೯ ಮತ್ತು ಅರ್ಕಾವೊತ್ತು, ಅಂದರೆ 'ಧರ್ಮ' ಬರೆಯುವಾಗ ಕೊನೆಗೆ ಬರುವ ಗುರುತು, ನೋಡಲು ಒಂದೇ ಥರ. ೦ ಮತ್ತು ಅನುಸ್ವಾರ ಕೂಡ ಹಾಗೇ. ಸಂಖ್ಯೆಯನ್ನು ಪದಕ್ಕೆ ಅಂಟಿಸಿದರೆ ಅದು ಆ ಪದದ್ದೇ ಭಾಗ ಅನ್ನಿಸುತ್ತದೆ. ಎಡಕ್ಕೆ ಪ್ರತ್ಯೇಕವಾಗಿಟ್ಟರೆ ಈ ತೊಂದರೆಯೇ ಇಲ್ಲ. ಕೊನೆಯಲ್ಲಿ ಇಡುವುದಾದರೆ ॥ ೯ ॥ ಅಂತ ಎರಡೂ ಕಡೆ ಜಾಗ ಬಿಡಿ. ಆ ಜಾಗವನ್ನು Ctrl+Shift+Space ಒತ್ತಿ ಹಾಕಿದರೆ ಸಂಖ್ಯೆ ಒಂದು ಸಾಲಿನಲ್ಲಿ, ಗೀಟು ಇನ್ನೊಂದು ಸಾಲಿನಲ್ಲಿ ಆಗುವುದಿಲ್ಲ.

ಅರ್ಥ ಪದ್ಯದ ಕೆಳಗೆ ಹಾಕಿದರೆ ಹಾಡುವಾಗ ಅಡ್ಡ ಬರುತ್ತೆ. ಪುಸ್ತಕದ ಕೊನೆಗೆ ಹಾಕೋಣವಾ?

ಕೊನೆಗೆ ಹಾಕಿದರೆ ಯಾರೂ ಓದುವುದಿಲ್ಲ. ಬೆರಳಿಟ್ಟುಕೊಂಡು ಹಿಂದೆ ಮುಂದೆ ಪುಟ ತಿರುಗಿಸುವುದು ವಯಸ್ಸಾದ ಕೈಗೆ ಕಷ್ಟ. ಅರ್ಥ ಕೆಳಗೇ ಇರಲಿ. ಆದರೆ ಹಾಡುವ ಕಣ್ಣು ಅದನ್ನು ಹಾರಿ ಮುಂದಿನ ಪದ್ಯಕ್ಕೆ ಹೋಗುವ ಹಾಗಿರಬೇಕು.

ಅದಕ್ಕೇ ಅರ್ಥವನ್ನು 8 ಮಿ.ಮೀ. ಜಾಸ್ತಿ ಒಳಕ್ಕೆ ತಳ್ಳುವುದು. ಆಗ ಎಡಗಡೆ ಪದ್ಯದ ಸಾಲುಗಳು ಮಾತ್ರ ಒಂದೇ ನೇರಕ್ಕೆ ನಿಲ್ಲುತ್ತವೆ. ಒಂಬತ್ತು ಮುಗಿಸಿದ ಕಣ್ಣು ಆ ನೇರದಲ್ಲೇ ಜಾರಿ ಹತ್ತಕ್ಕೆ ಮುಟ್ಟುತ್ತದೆ. ಇದಕ್ಕೆ ಅಂತರವೂ ಸಹಾಯ ಮಾಡಬೇಕು. ಪದ್ಯ ಮತ್ತು ಅದರ ಅರ್ಥದ ನಡುವೆ 8 ಪಾಯಿಂಟ್, ಅರ್ಥ ಮತ್ತು ಮುಂದಿನ ಪದ್ಯದ ನಡುವೆ 26 ಪಾಯಿಂಟ್. ಎರಡೂ ಕಡೆ ಒಂದೇ ಅಂತರ ಇಟ್ಟರೆ ಅರ್ಥ ಮೇಲಿನ ಪದ್ಯದ್ದೋ ಕೆಳಗಿನದ್ದೋ ಅಂತ ಅನುಮಾನ ಬರುತ್ತದೆ. ನಾನು ನೋಡಿದ ಪುಸ್ತಿಕೆಗಳಲ್ಲಿ ಜಾಸ್ತಿ ಕಂಡ ದೋಷ ಇದೇ.

ಅರ್ಥವನ್ನು ಓರೆ ಅಕ್ಷರದಲ್ಲಿ ಹಾಕುವುದು ಬೇಡ. ಹೆಚ್ಚಿನ ಕನ್ನಡ ಫಾಂಟುಗಳಿಗೆ ಅದಕ್ಕೆಂದೇ ಬರೆದ ಓರೆ ರೂಪ ಇಲ್ಲ, ನೇರ ಅಕ್ಷರವನ್ನೇ ಯಂತ್ರ ವಾಲಿಸುತ್ತದೆ. ತಿಳಿ ಬೂದು ಬಣ್ಣವೂ ಬೇಡ. ಗಾತ್ರ ಚಿಕ್ಕದು, ಜಾಗ ಒಳಗೆ. ಗುರುತಿಗೆ ಅಷ್ಟು ಸಾಕು.

ಪ್ರತಿಪದಾರ್ಥ ಕೊಡಬೇಕಾ, ತಾತ್ಪರ್ಯ ಸಾಕಾ?

ಈ ಗಾತ್ರದ ಪುಸ್ತಿಕೆಗೆ ತಾತ್ಪರ್ಯ ಸಾಕು. ಪ್ರತಿಪದಾರ್ಥ ಹಾಕಿದರೆ ನಾಲ್ಕು ಸಾಲಿನ ಪದ್ಯಕ್ಕೆ ಹತ್ತು ಸಾಲು ವಿವರ ಬಂದು ಪದ್ಯವೇ ಕಾಣೆಯಾಗುತ್ತದೆ. ತೀರಾ ಕಷ್ಟದ ಪದ ಇದ್ದರೆ ಅರ್ಥದ ವಾಕ್ಯದಲ್ಲೇ ಅದನ್ನು ಬಿಡಿಸಿ ಹೇಳಿ.

ಪದ್ಯಗಳನ್ನು ಮಧ್ಯಕ್ಕೆ ಜೋಡಿಸಿದರೆ ಚಂದ ಅಲ್ವಾ?

ನೋಡಲು ಚಂದ, ಓದಲು ಅಲ್ಲ. ಮಧ್ಯಕ್ಕೆ ಜೋಡಿಸಿದರೆ ಪ್ರತಿ ಸಾಲೂ ಬೇರೆ ಬೇರೆ ಜಾಗದಲ್ಲಿ ಶುರುವಾಗುತ್ತದೆ. ಒಂದು ಸಾಲು ಮುಗಿಸಿ ಎಡಕ್ಕೆ ಬರುವ ಕಣ್ಣು ಪ್ರತಿ ಸಲವೂ ಹುಡುಕಬೇಕು. ಪದ್ಯವೂ ಅರ್ಥವೂ ಎಡಕ್ಕೆ ಸರಿಯಾಗಿರಲಿ. ಅರ್ಥವನ್ನು ಎರಡೂ ಅಂಚಿಗೆ ಎಳೆದು ಸಮ ಮಾಡಬೇಡಿ. ಕನ್ನಡದ ಪದಗಳು ಉದ್ದ, ಸಾಲು ಚಿಕ್ಕದು. ಸಮ ಮಾಡಿದರೆ ಪದಗಳ ನಡುವೆ ದೊಡ್ಡ ದೊಡ್ಡ ಕಿಂಡಿ ಬೀಳುತ್ತದೆ.

ಸಂಸ್ಕೃತ ಶ್ಲೋಕದ ಸಾಲು ತುಂಬಾ ಉದ್ದ, ಪುಟದಲ್ಲಿ ಹಿಡಿಸಲ್ಲ. ಎಲ್ಲಿ ಮುರಿಯಲಿ?

ಹಾಡುವಾಗ ಉಸಿರು ತೆಗೆದುಕೊಳ್ಳುವ ಕಡೆ ಮುರಿಯಿರಿ. ಕಂಪ್ಯೂಟರ್ ತನಗೆ ಬೇಕಾದ ಕಡೆ ಮುರಿಯಲು ಬಿಡಬೇಡಿ, ಅದಕ್ಕೆ ಛಂದಸ್ಸು ಗೊತ್ತಿಲ್ಲ.

ನಮ್ಮ ಪುಟದಲ್ಲಿ ಒಳ ಅಂಚು 22, ಹೊರ ಅಂಚು 18 ಮಿ.ಮೀ. ಬಿಟ್ಟು, ಸಂಖ್ಯೆಯ ಜಾಗ ಕಳೆದರೆ ಪದ್ಯಕ್ಕೆ 96 ಮಿ.ಮೀ. ಉಳಿಯುತ್ತದೆ. ಅನುಷ್ಟುಪ್ ಶ್ಲೋಕದಲ್ಲಿ ಎಂಟೆಂಟು ಅಕ್ಷರದ ನಾಲ್ಕು ಪಾದ. ಹದಿನಾರು ಅಕ್ಷರದ ಎರಡು ಸಾಲು ಮಾಡಿದರೆ ಅಂಚಿಗೆ ತಾಗುತ್ತದೆ, ನಾಲ್ಕು ಸಾಲು ಮಾಡಿದರೆ ನೆಮ್ಮದಿ. ಶಾರ್ದೂಲವಿಕ್ರೀಡಿತದ ಪಾದಕ್ಕೆ 19 ಅಕ್ಷರ, 18 ಪಾಯಿಂಟಿನಲ್ಲಿ ಒಂದು ಸಾಲಿಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಅದರ ಯತಿ, ಅಂದರೆ ಉಸಿರಿಗೆ ನಿಲ್ಲುವ ಜಾಗ, 12ನೇ ಅಕ್ಷರಕ್ಕೆ. ಅಲ್ಲಿ ಮುರಿದು ಉಳಿದ ಏಳು ಅಕ್ಷರವನ್ನು ಕೆಳಗೆ ಸ್ವಲ್ಪ ಒಳಕ್ಕೆ ಇಡಿ. ಆಗ ಅದು ಹೊಸ ಪಾದ ಅಲ್ಲ, ಮೇಲಿನದ್ದೇ ಮುಂದುವರಿಕೆ ಅಂತ ಗೊತ್ತಾಗುತ್ತದೆ. ಸ್ರಗ್ಧರೆಯ 21 ಅಕ್ಷರ ಏಳೇಳಾಗಿ ಮುರಿಯುತ್ತದೆ.

ಕನ್ನಡದ ಭಾಮಿನಿ ಷಟ್ಪದಿಯಲ್ಲಿ ಮೂರನೇ ಮತ್ತು ಆರನೇ ಸಾಲು ಉದ್ದ. ಆ ಎರಡನ್ನೂ ಹೀಗೇ ಮುರಿದು ಒಳಕ್ಕೆ ತಳ್ಳಿದರೆ ಆಯಿತು.

ಪಾದದ ಗಡಿಯಲ್ಲಿ ಸಂಧಿಯಾಗಿ ಪದ ಎರಡು ಸಾಲಿಗೆ ಹರಡಿದರೆ ಮೇಲಿನ ಸಾಲಿನ ಕೊನೆಗೆ ಒಂದು ಚಿಕ್ಕ ಅಡ್ಡಗೆರೆ ಹಾಕಿ. ಸಂಧಿ ಬಿಡಿಸಿ ಬರೆದರೆ ಓದಲು ಸುಲಭ ನಿಜ, ಆದರೆ ಹಾಡುವಾಗ ಅಕ್ಷರದ ಲೆಕ್ಕ ಕೆಡುತ್ತದೆ. ಬಿಡಿಸಿದ ರೂಪ ಬೇಕಿದ್ದರೆ ಅರ್ಥದ ಜಾಗದಲ್ಲಿ ಕೊಡಿ.

ಕೀರ್ತನೆಯ ಪಲ್ಲವಿಗೆ ಸಂಖ್ಯೆ ಕೊಡಬೇಕಾ? ಪ್ರತಿ ಚರಣ ಆದ ಮೇಲೂ ಪಲ್ಲವಿ ಬರೆಯಬೇಕಾ?

ಪಲ್ಲವಿಗೆ ॥ ಪ ॥, ಅನುಪಲ್ಲವಿಗೆ ॥ ಅ.ಪ ॥, ಚರಣಗಳಿಗೆ ಮಾತ್ರ ಸಂಖ್ಯೆ. ಒಂದೇ ಪುಟದಲ್ಲಿ ಪಲ್ಲವಿ ಕಾಣುತ್ತಿರುವವರೆಗೂ ಮತ್ತೆ ಬರೆಯುವುದು ಬೇಡ, ಮೊದಲ ಪದ ಹಾಕಿ ಚುಕ್ಕಿ ಇಟ್ಟರೆ ಸಾಕು. ಪುಟ ತಿರುಗಿದಾಗ ಮಾತ್ರ ಹೊಸ ಪುಟದ ತಲೆಯಲ್ಲಿ ಪಲ್ಲವಿಯ ಮೊದಲ ಸಾಲು ಪೂರ್ತಿ ಕೊಡಿ. ಪಲ್ಲವಿಗಾಗಿ ಪುಟ ಹಿಂದಕ್ಕೆ ತಿರುಗಿಸುವ ಪರಿಸ್ಥಿತಿ ಬರಬಾರದು.

ನಮ್ಮ ಹತ್ತಿರ ಇರುವ ಎರಡು ಪ್ರತಿಗಳಲ್ಲಿ ಪದ್ಯದ ಸಂಖ್ಯೆ ಬೇರೆ ಬೇರೆ ಇದೆ. ನಾವೇ ಹೊಸದಾಗಿ ಸಂಖ್ಯೆ ಕೊಡಬಹುದಾ?

ಗುಂಪಿನಲ್ಲಿ ಈಗ ಯಾವ ಪ್ರತಿ ಬಳಕೆಯಲ್ಲಿದೆಯೋ ಅದರ ಸಂಖ್ಯೆಯನ್ನೇ ಉಳಿಸಿ. ಹಳೆಯ ಪುಸ್ತಕ ಹಿಡಿದವರೂ ಹೊಸದು ಹಿಡಿದವರೂ ಒಟ್ಟಿಗೇ ಕೂರುತ್ತಾರೆ, 'ಹದಿಮೂರು' ಅಂದರೆ ಇಬ್ಬರಿಗೂ ಒಂದೇ ಪದ್ಯ ಸಿಗಬೇಕು. ಜಾಸ್ತಿ ಬಂದ ಪದ್ಯಕ್ಕೆ ೧೨ ಅ ಅಂತ ಕೊಟ್ಟರೆ ಮುಂದಿನ ಸಂಖ್ಯೆಗಳು ಜರುಗುವುದಿಲ್ಲ. ಪುಸ್ತಿಕೆಯಲ್ಲಿ ಎರಡು ಮೂರು ಸ್ತೋತ್ರ ಇದ್ದರೆ ಪ್ರತಿಯೊಂದೂ ೧ರಿಂದಲೇ ಶುರುವಾಗಲಿ, ಪುಟದ ತಲೆಯಲ್ಲಿ ಆ ಸ್ತೋತ್ರದ ಹೆಸರು ಇರಲಿ.

## ಪುಟ ಕಟ್ಟುವುದು, ಮುದ್ರಣಕ್ಕೆ ಕೊಡುವುದು

ಒಂದು ಪುಟಕ್ಕೆ ಎಷ್ಟು ಪದ್ಯ? ಒಟ್ಟು ಎಷ್ಟು ಪುಟ ಆಗುತ್ತೆ?

ಲೆಕ್ಕ ಹಾಕೋಣ. ಮೇಲೆ 15, ಕೆಳಗೆ 18 ಮಿ.ಮೀ. ಬಿಟ್ಟರೆ ಎ5 ಪುಟದಲ್ಲಿ 177 ಮಿ.ಮೀ., ಅಂದರೆ ಸುಮಾರು 502 ಪಾಯಿಂಟ್ ಎತ್ತರ ಸಿಗುತ್ತದೆ. ಒಂದು ಪದ್ಯದ ನಾಲ್ಕು ಸಾಲಿಗೆ 120, ನಡುವಿನ ಜಾಗ 8, ಅರ್ಥದ ಮೂರು ಸಾಲಿಗೆ 66. ಒಟ್ಟು 194. ಎರಡು ಪದ್ಯ ಮತ್ತು ನಡುವೆ 26 ಸೇರಿದರೆ 414. ಉಳಿದ 88 ಪಾಯಿಂಟಿನಲ್ಲಿ ಪುಟದ ತಲೆಬರಹ ಕೂರುತ್ತದೆ, ಯಾವುದಾದರೂ ಅರ್ಥ ಒಂದು ಸಾಲು ಉದ್ದವಾದರೂ ತೊಂದರೆಯಿಲ್ಲ. ಮೂರನೇ ಪದ್ಯ ಹಿಡಿಸುವುದಿಲ್ಲ, ತುರುಕಲೂ ಹೋಗಬೇಡಿ.

ಪುಟಕ್ಕೆ ಎರಡರಂತೆ 40 ಪದ್ಯಕ್ಕೆ 20 ಪುಟ. ಶೀರ್ಷಿಕೆ ಪುಟ, ಚಿತ್ರದ ಪುಟ, ಮುನ್ನುಡಿಯ ಒಂದು ಪುಟ, ಕೊನೆಗೆ ಮಂಗಳದ ಪುಟ ಸೇರಿ 24. ಮಧ್ಯದಲ್ಲಿ ಪಿನ್ ಹೊಡೆಯುವ ಪುಸ್ತಿಕೆಯಲ್ಲಿ ಒಂದು ಹಾಳೆ ಮಡಚಿದರೆ ನಾಲ್ಕು ಪುಟ ಆಗುವುದರಿಂದ ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. 24 ಆಗುತ್ತದೆ, ಆರು ಎ4 ಹಾಳೆ ಸಾಕು. ರಕ್ಷಾಪುಟ ಬೇರೆ.

ಪ್ರತಿ ಪುಟದಲ್ಲೂ ಎರಡೇ ಪದ್ಯ ಇರುವುದರಿಂದ ಇನ್ನೊಂದು ಲಾಭ ಇದೆ. ಎಡಪುಟದಲ್ಲಿ ಎರಡು, ಬಲಪುಟದಲ್ಲಿ ಎರಡು, ತೆರೆದರೆ ನಾಲ್ಕು. ನಾಲ್ಕು ಪದ್ಯಕ್ಕೊಮ್ಮೆ ಪುಟ ತಿರುಗಿಸಬೇಕು ಅನ್ನುವುದು ಒಂದೆರಡು ಸಲದಲ್ಲೇ ಕೈಗೆ ರೂಢಿಯಾಗುತ್ತದೆ.

ಪದ್ಯ ಒಂದು ಪುಟದಲ್ಲಿ, ಅರ್ಥ ಮುಂದಿನ ಪುಟದಲ್ಲಿ ಆಗುತ್ತೆ. ತಡೆಯೋದು ಹೇಗೆ?

ಪದ್ಯದ ಪ್ರತಿ ಸಾಲಿಗೂ ಎಂಟರ್ ಒತ್ತಬೇಡಿ. ಸಾಲು ಮುರಿಯಲು Shift+Enter ಒತ್ತಿ. ಆಗ ನಾಲ್ಕೂ ಸಾಲು ಸೇರಿ ಒಂದೇ ಪ್ಯಾರಾ ಆಗುತ್ತದೆ. ಆ ಪ್ಯಾರಾಕ್ಕೆ Keep lines together ಮತ್ತು Keep with next ಎರಡನ್ನೂ ಹಾಕಿ. ಅರ್ಥದ ಪ್ಯಾರಾಕ್ಕೆ Keep lines together ಮಾತ್ರ. ಅರ್ಥಕ್ಕೂ Keep with next ಹಾಕಿದರೆ ಇಡೀ ಸ್ತೋತ್ರ ಒಂದಕ್ಕೊಂದು ಕಟ್ಟಿಕೊಂಡು ಪುಟಗಳು ಎಲ್ಲೆಲ್ಲೋ ಮುರಿಯುತ್ತವೆ.

ಇದನ್ನು 40 ಸಲ ಕೈಯಲ್ಲಿ ಮಾಡಬೇಡಿ. ಪದ್ಯಕ್ಕೊಂದು, ಅರ್ಥಕ್ಕೊಂದು ಸ್ಟೈಲ್ ಮಾಡಿ, ಗಾತ್ರ, ಅಂತರ, ಈ ಗುರುತುಗಳನ್ನೆಲ್ಲ ಅದರಲ್ಲೇ ಇಡಿ. ಆಮೇಲೆ 18 ಬದಲು 20 ಬೇಕು ಅನ್ನಿಸಿದರೆ ಒಂದೇ ಕಡೆ ತಿದ್ದಿದರೆ ಸಾಕು.

ಹಳೆಯ ನುಡಿ, ಬರಹ ಫೈಲಿನಿಂದ ಕಾಪಿ ಮಾಡಿದರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತೆ. ಏನು ಮಾಡಲಿ?

ಅದು ಯೂನಿಕೋಡ್ ಬರುವ ಮೊದಲಿನ ರೀತಿಯಲ್ಲಿ ಟೈಪ್ ಮಾಡಿದ ಪಠ್ಯ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು, ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷೇ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆದರೆ ಹಾಗೇ ನಂಬಬೇಡಿ, ಮೂಲದ ಪಕ್ಕದಲ್ಲಿಟ್ಟು ಅಕ್ಷರಕ್ಷರ ಓದಿ. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿರಬಹುದು, ಎರಡು ಒತ್ತು ಇರುವ ಕಡೆ ಒಂದು ಬಿದ್ದುಹೋಗಿರಬಹುದು.

ಇನ್ನು ಕೆಲವು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ, ಹುಡುಕು ಕೊಟ್ಟೇ ಹಿಡಿಯಬೇಕು. ಅನುಸ್ವಾರದ ಬದಲು ಸೊನ್ನೆ ೦ ಬಿದ್ದಿರುವುದು ಒಂದು. ವಿಸರ್ಗದ ಬದಲು ಕೋಲನ್ ಒತ್ತಿರುವುದು ಇನ್ನೊಂದು: 'ನಮ:' ಅಂತ ಇದ್ದರೆ ಅದನ್ನು 'ನಮಃ' ಮಾಡಬೇಕು. ॥ ಬದಲು ಕೀಲಿಮಣೆಯ || ಒತ್ತಿರುವುದೂ ತುಂಬಾ ಸಾಮಾನ್ಯ. ಅದರ ಎತ್ತರ ಕನ್ನಡ ಅಕ್ಷರಕ್ಕೆ ಹೊಂದುವುದಿಲ್ಲ, ಸಾಲಿನ ಕೊನೆಗೆ ಎರಡು ಕಡ್ಡಿ ನೆಟ್ಟ ಹಾಗೆ ಕಾಣುತ್ತದೆ.

ಪ್ರೆಸ್‌ನವರಿಗೆ ವರ್ಡ್ ಫೈಲ್ ಕೊಟ್ಟರೆ ಸಾಕಾ?

ಪಿಡಿಎಫ್ ಕೊಡಿ, ಫಾಂಟ್ ಒಳಗೇ ಸೇರಿರಲಿ. ವರ್ಡ್ ಫೈಲ್ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಫಾಂಟ್ ಇಲ್ಲದಿದ್ದರೆ ಬೇರೆಯದು ಬಂದು ಕೂರುತ್ತದೆ, ಪುಟಕ್ಕೆ ಎರಡು ಪದ್ಯದ ಲೆಕ್ಕ ಅಲ್ಲಿಗೆ ಮುಗಿಯಿತು. ಅವರು ಇನ್‌ಡಿಸೈನ್‌ನಲ್ಲಿ ಮತ್ತೆ ಜೋಡಿಸುವುದಾದರೆ Adobe World-Ready Paragraph Composer ಆರಿಸಲು ಹೇಳಿ. ಅದಿಲ್ಲದೆ ಒತ್ತಕ್ಷರ ಒಡೆದುಹೋಗುವುದುಂಟು. ಪುಟಗಳನ್ನು 1, 2, 3 ಅಂತ ಕ್ರಮವಾಗಿಯೇ ಕೊಡಿ. ಮಡಚುವ ಹಾಳೆಯಲ್ಲಿ 24ರ ಪಕ್ಕ 1 ಕೂರಿಸುವ ಕೆಲಸ ಅವರದ್ದು.

ಕಾಗದ ಹೊಳೆಯಬಾರದು. ಹೊಳಪಿನ ಕಾಗದದ ಮೇಲೆ ದೀಪದ ಬೆಳಕು ಬಿದ್ದ ಕಡೆ ಅಕ್ಷರ ಕಾಣುವುದಿಲ್ಲ. 80 ಜಿಎಸ್‌ಎಂನ ಮಾಸಲು ಬಿಳಿ ಮ್ಯಾಪ್ಲಿಥೋ ಚೆನ್ನಾಗಿರುತ್ತದೆ. ಅದಕ್ಕಿಂತ ತೆಳು ಹೋದರೆ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ, ಒತ್ತಕ್ಷರದ ಜಾಗದಲ್ಲಿ ಸುಳ್ಳು ಒತ್ತು ಕಂಡ ಹಾಗೆ ಆಗುತ್ತದೆ.

ಮುದ್ರಿಸುವ ಮೊದಲು ಹಿರಿಯರಿಗೆ ತೋರಿಸಿದೆ, 'ಚೆನ್ನಾಗಿದೆ' ಅಂದರು. ಆಮೇಲೆ ಯಾರೂ ಬಳಸಲಿಲ್ಲ. ಏನು ತಪ್ಪಾಯಿತು?

ತೋರಿಸಿ ಕೇಳಿದರೆ ಯಾರಾದರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಕೇಳಬೇಡಿ, ಹಾಡಿಸಿ. ನಾಲ್ಕು ಪುಟ ನಿಜವಾದ ಗಾತ್ರದಲ್ಲಿ, ನಿಜವಾದ ಕಾಗದದ ಮೇಲೆ ಮುದ್ರಿಸಿ ಮಡಚಿ ಕೊಡಿ. ಅವರು ದಿನವೂ ಕೂರುವ ಜಾಗದಲ್ಲಿ, ಆ ಹೊತ್ತಿನ ಬೆಳಕಿನಲ್ಲಿ ಹೇಳಲಿ. ಅವರಿಗೆ ಕಂಠಪಾಠ ಇಲ್ಲದ ಪದ್ಯವನ್ನೇ ಕೊಡಬೇಕು, ಇಲ್ಲದಿದ್ದರೆ ಪುಟದ ಪರೀಕ್ಷೆ ಆಗುವುದೇ ಇಲ್ಲ.

ನೀವು ಪಕ್ಕದಲ್ಲಿ ಕೂತು ನೋಡಿ. ಪುಸ್ತಿಕೆಯನ್ನು ಕಣ್ಣಿನ ಹತ್ತಿರ ತಂದರೆ ಅಕ್ಷರ ಚಿಕ್ಕದು. ಬೆಳಕಿಗೆ ಓರೆ ಹಿಡಿದರೆ ಕಾಗದ ಹೊಳೆಯುತ್ತಿದೆ ಅಥವಾ ಶಾಯಿ ತೆಳುವಾಗಿದೆ. ಸಾಲಿನ ಕೆಳಗೆ ಬೆರಳು ಇಟ್ಟುಕೊಂಡೇ ಓದಿದರೆ ಸಾಲಿನ ಅಂತರ ಸಾಲದು. ಪದ್ಯ ಮುಗಿದ ಕೂಡಲೇ ಅರ್ಥದ ಮೊದಲ ಪದವನ್ನು ಹಾಡಿಬಿಟ್ಟರೆ ಅರ್ಥ ಇನ್ನೂ ಒಳಕ್ಕೆ ಹೋಗಬೇಕು. ನಡುವೆ ಒಮ್ಮೆ ಮಾತಾಡಿಸಿ ತಲೆ ಎತ್ತಿಸಿ. ಮತ್ತೆ ಜಾಗ ಹಿಡಿಯಲು ಎಷ್ಟು ತಡಕಾಡುತ್ತಾರೆ ಅನ್ನುವುದರಲ್ಲಿ ನಿಮಗೆ ಬೇಕಾದ ಉತ್ತರ ಇದೆ.

18 ಕೂಡ ಕಾಣದವರಿಗೆ ಏನು ಮಾಡೋದು? ಫೋನಿನಲ್ಲಿ ಪಿಡಿಎಫ್ ಕಳಿಸಿದರೆ ಆಗುತ್ತಾ?

ಕಾಗದವೇ ಬೇಕು ಅನ್ನುವವರಿಗೆ ಎ5 ಪುಟವನ್ನು ಎ4 ಹಾಳೆಗೆ 141 ಶೇಕಡಾ ಹಿಗ್ಗಿಸಿ ಜೆರಾಕ್ಸ್ ಮಾಡಿ. 18 ಹೋಗಿ 25 ಪಾಯಿಂಟ್ ಆಗುತ್ತದೆ, ಸಾಲಿನ ಅಂತರವೂ ಅದೇ ಅನುಪಾತದಲ್ಲಿ ಹಿಗ್ಗುತ್ತದೆ. ಹೊಸದಾಗಿ ಜೋಡಿಸುವುದು ಬೇಡ, ಪುಟದ ಸಂಖ್ಯೆಯೂ ಬದಲಾಗುವುದಿಲ್ಲ. ಎ4 ಕೈಯಲ್ಲಿ ಹಿಡಿಯಲು ಭಾರ, ಸ್ಪೈರಲ್ ಹಾಕಿಸಿದರೆ ಪೀಠದ ಮೇಲೆ ಚಪ್ಪಟೆಯಾಗಿ ಕೂರುತ್ತದೆ.

ಫೋನಿಗೆ ಇದೇ ಪಿಡಿಎಫ್ ಕಳಿಸಬೇಡಿ. 148 ಮಿ.ಮೀ. ಅಗಲದ ಪುಟ ಸುಮಾರು 70 ಮಿ.ಮೀ. ಪರದೆಗೆ ಕುಗ್ಗಿದರೆ 18 ಪಾಯಿಂಟ್ ಎಂಟೊಂಬತ್ತರ ಹಾಗೆ ಕಾಣುತ್ತದೆ. ಬೆರಳಲ್ಲಿ ಹಿಗ್ಗಿಸಿ, ಆಚೀಚೆ ಎಳೆದು ಹಾಡಲು ಆಗುವುದಿಲ್ಲ. ಸ್ಟೈಲ್ ಇಟ್ಟು ಜೋಡಿಸಿದ್ದರೆ ಇನ್ನೊಂದು ಪ್ರತಿ ತೆಗೆಯುವುದು ಸುಲಭ. ಪುಟದ ಅಳತೆಯನ್ನು 90 × 160 ಮಿ.ಮೀ. ಮಾಡಿ, ಅಂಚು 5 ಮಿ.ಮೀ.ಗೆ ಇಳಿಸಿ, ಸಂಖ್ಯೆಯನ್ನು ಪದ್ಯದ ತಲೆಯ ಮೇಲೆ ಇಟ್ಟು, ಪುಟಕ್ಕೆ ಒಂದೇ ಪದ್ಯ ಕೊಡಿ. ಸಾಲು ಮುರಿಯದೆ ಹಿಡಿಸುತ್ತದಾ ಅಂತ ಎಲ್ಲಕ್ಕಿಂತ ಉದ್ದದ ಸಾಲು ಇರುವ ಪದ್ಯವನ್ನು ಮೊದಲು ಹಾಕಿ ನೋಡಿ.